ಕೊಡು, ಕೊಡಿ: ವಲಸಿಗನ ಕಥೆಗೆ ಒಂದು ಪ್ರತ್ಯಯ ಸಾಕು

"ಸಮಾಜಶಾಸ್ತ್ರದ ತರಗತಿಗೆ ಒಂದು ಸಣ್ಣಕಥೆ ಬರೆದುಕೊಡಬೇಕು. ಹೊಸ ನಗರಕ್ಕೆ ಬಂದ ವಲಸಿಗನೊಬ್ಬನ ಭಾಷೆ, ‘ನಾನೂ ಇಲ್ಲಿಯವನು’ ಎಂಬ ಭಾವ, ಇದೇ ವಿಷಯ. ಎಷ್ಟು ಸಲ ಬರೆದರೂ ಪ್ರಬಂಧದಂತೆ ಆಗುತ್ತಿದೆ. ಎಲ್ಲಿಂದ ಹಿಡಿಯಲಿ?"

ಈ ವಿಷಯದ ಮೇಲೆ ವಿದ್ಯಾರ್ಥಿಗಳು ಬರೆದ ಕಥೆಗಳನ್ನು ನಾನು ಹಲವು ವರ್ಷ ತಿದ್ದಿದ್ದೇನೆ. ಹೆಚ್ಚಿನವು ಒಂದೇ ಅಚ್ಚಿನಲ್ಲಿ ಎರೆದಂತಿರುತ್ತವೆ. ನಾಯಕ ಬಸ್ಸಿನಿಂದ ಇಳಿಯುತ್ತಾನೆ, ಅವನಿಗೆ ಭಾಷೆ ಬಾರದು, ಯಾರೋ ನಗುತ್ತಾರೆ, ಇನ್ನಾರೋ ಕನಿಕರದಿಂದ ಕಲಿಸುತ್ತಾರೆ, ಕೊನೆಯ ಪುಟಕ್ಕೆ ನಗರ ಅವನದಾಗಿಬಿಡುತ್ತದೆ. ಇಂಥ ಕಥೆ ಪ್ರಬಂಧದಂತೆ ಕಾಣುವುದಕ್ಕೆ ಕಾರಣ ಶೈಲಿಯಲ್ಲ. ಅಲ್ಲಿ ಭಾಷೆ ಎಂದರೆ ‘ಬರುತ್ತದೆ’ ಅಥವಾ ‘ಬರುವುದಿಲ್ಲ’, ಎರಡೇ. ನಿಜದಲ್ಲಿ ವಲಸಿಗ ನಗರದ ಭಾಷೆಯನ್ನು ಇಡಿಯಾಗಿ ಕಲಿಯುವುದಿಲ್ಲ. ತನ್ನ ಮೇಲೆ ಬಿದ್ದಷ್ಟನ್ನು ಮಾತ್ರ ಕಲಿಯುತ್ತಾನೆ. ಯಾರ ಬಾಯಿಂದ, ಯಾವ ಸ್ವರದಲ್ಲಿ ಬಿತ್ತು ಎಂಬುದು ಅವನ ವ್ಯಾಕರಣದಲ್ಲೇ ಉಳಿದುಬಿಡುತ್ತದೆ. ನೀವು ಅದನ್ನೇ ಹಿಡಿಯಿರಿ.

ನಿಮ್ಮ ನಾಯಕನಿಗೆ ಗೋದಾಮಿನಲ್ಲಿ ಪೆಟ್ಟಿಗೆ ಎತ್ತುವ ಕೆಲಸ ಕೊಡೋಣ. ಬೆಳಿಗ್ಗೆಯಿಂದ ಸಂಜೆಯವರೆಗೆ ಅವನ ಕಿವಿಗೆ ಬೀಳುವುದು ಏನು? ಎತ್ತು. ಇಳಿಸು. ಆ ಕಡೆ ಇಡು. ಬೇಗ. ಅಲ್ಲ, ಅದಲ್ಲ. ನಿಲ್ಲು. ನಾಲ್ಕು ತಿಂಗಳಲ್ಲಿ ಅವನಿಗೆ ಮೂವತ್ತು ನಲವತ್ತು ಕ್ರಿಯಾಪದಗಳು ಗೊತ್ತು, ಎಲ್ಲವೂ ಆಜ್ಞೆಯ ರೂಪದಲ್ಲಿ, ಎಲ್ಲವೂ ಏಕವಚನದಲ್ಲಿ. ಅದೇ ಭಾಷೆಯಲ್ಲಿ ಗೌರವದ ರೂಪವೊಂದು ಇದೆ ಎಂಬುದು ಅವನಿಗೆ ತಿಳಿಯುವ ದಾರಿಯೇ ಇಲ್ಲ, ಏಕೆಂದರೆ ಅವನನ್ನು ಯಾರೂ ಬಹುವಚನದಲ್ಲಿ ಮಾತನಾಡಿಸಿಲ್ಲ. ಮೇಸ್ತ್ರಿ ಮೇಲಿನವರೊಡನೆ ಮಾತನಾಡುವಾಗ ಗೌರವದ ರೂಪ ಬಳಸುತ್ತಾನೆ ನಿಜ, ಆದರೆ ಆ ಮಾತು ನಡೆಯುವುದು ಗಾಜಿನ ಬಾಗಿಲಿನ ಆಚೆ.

ಇದು ಕಲ್ಪನೆಯಲ್ಲ. ಪಶ್ಚಿಮ ಜರ್ಮನಿಯು 1955ರಲ್ಲಿ ಇಟಲಿಯೊಡನೆ, 1961ರಲ್ಲಿ ಟರ್ಕಿಯೊಡನೆ ಒಪ್ಪಂದ ಮಾಡಿಕೊಂಡು ಕಾರ್ಖಾನೆಗಳಿಗೆ ಕೆಲಸಗಾರರನ್ನು ಕರೆಸಿಕೊಂಡಿತು. ಅವರು ಆಡುತ್ತಿದ್ದ ಜರ್ಮನ್ ಬಗ್ಗೆ ಮೈಕೆಲ್ ಕ್ಲೈನ್ ಎಂಬ ಭಾಷಾಶಾಸ್ತ್ರಜ್ಞ 1968ರಲ್ಲಿ ಬರೆದ. ಜರ್ಮನ್‌ನಲ್ಲೂ ‘ನೀನು’ ಎನ್ನಲು ‘ದು’, ‘ನೀವು’ ಎನ್ನಲು ‘ಜಿ’ ಎಂದು ಎರಡು ಪದಗಳಿವೆ. ಅಪರಿಚಿತ ವಯಸ್ಕರಿಗೆ ‘ಜಿ’ ಎನ್ನುವುದು ವಾಡಿಕೆಯಾಗಿದ್ದರೂ ಪರದೇಶದ ಕೆಲಸಗಾರನೊಡನೆ ಸ್ಥಳೀಯರು ‘ದು’ ಬಳಸುತ್ತಿದ್ದರು, ವಾಕ್ಯವನ್ನೂ ಮುರಿದು ಆಡುತ್ತಿದ್ದರು. ಅವನಿಗೆ ಅರ್ಥವಾಗಲಿ ಎಂಬ ಸದುದ್ದೇಶವೂ ಅದರಲ್ಲಿ ಇದ್ದಿರಬಹುದು. ಆದರೆ ಕೇಳಿದ್ದನ್ನೇ ಕಲಿತವನು ತಿರುಗಿ ಎಲ್ಲರಿಗೂ ‘ದು’ ಎಂದರೆ, ಕೇಳಿದವರಿಗೆ ಅವನು ಒರಟನಾಗಿ ಕಾಣುತ್ತಾನೆ. ತಪ್ಪು ಅವನ ಬಾಯಲ್ಲಿ ಕಾಣಿಸಿಕೊಂಡಿತು, ಹುಟ್ಟಿದ್ದು ಬೇರೆಲ್ಲೋ.

ಈಗ ಇದನ್ನು ದೃಶ್ಯವಾಗಿಸೋಣ. ನಾಯಕ ಸಂಜೆ ಬಾಡಿಗೆ ಕೋಣೆಗೆ ಮರಳುತ್ತಾನೆ. ಮೆಟ್ಟಿಲ ಮೇಲೆ ಕೆಳಮನೆಯ ಮುದುಕಿ ಭಾರದ ಚೀಲ ಹಿಡಿದು ಏದುಸಿರು ಬಿಡುತ್ತಿದ್ದಾಳೆ. ಅವನಿಗೆ ತನ್ನ ಅಜ್ಜಿಯ ನೆನಪಾಗುತ್ತದೆ. ಕೈ ಚಾಚಿ, ತನಗೆ ಗೊತ್ತಿರುವ ಭಾಷೆಯಲ್ಲಿ, ತನ್ನಿಂದಾದಷ್ಟು ಮೆತ್ತಗೆ ಹೇಳುತ್ತಾನೆ: "ನಿಲ್ಲು. ಕೊಡು."

ಮುದುಕಿ ಚೀಲವನ್ನು ಎದೆಗೆ ಅವುಚಿಕೊಳ್ಳುತ್ತಾಳೆ. ಏನೋ ಹೇಳುತ್ತಾಳೆ. ಅವನಿಗೆ ಪದಗಳು ತಿಳಿಯುವುದಿಲ್ಲ, ಧ್ವನಿ ತಿಳಿಯುತ್ತದೆ.

ಇಲ್ಲಿಗೆ ನಿಮ್ಮ ಕಥೆಯ ಅರ್ಧ ಮುಗಿಯಿತು. ‘ಅವನಿಗೆ ಅವಮಾನವಾಯಿತು, ತಾನು ಪರಕೀಯ ಎನಿಸಿತು’ ಎಂದು ದಯವಿಟ್ಟು ಬರೆಯಬೇಡಿ. ಕನ್ನಡ ಓದುಗನಿಗೆ ‘ಕೊಡು’ ಮತ್ತು ‘ಕೊಡಿ’ಗಳ ನಡುವಿನ ಅಂತರವನ್ನು ಯಾರೂ ವಿವರಿಸಬೇಕಾಗಿಲ್ಲ. ಅಪರಿಚಿತ ಹಿರಿಯರನ್ನು ಏಕವಚನದಲ್ಲಿ ಕರೆದರೆ ಜಗಳವೇ ಆಗುತ್ತದೆ ಎಂಬುದು ನಮಗೆ ಗೊತ್ತು. ಈ ವಿಷಯದಲ್ಲಿ ಕನ್ನಡದಲ್ಲಿ ಬರೆಯುವವರು ಅದೃಷ್ಟವಂತರು. ಇಂಗ್ಲಿಷಿನಲ್ಲಿ ಬರೆಯುವವನು ಇದೇ ದೃಶ್ಯಕ್ಕೆ ಒಂದು ಪುಟ ಹೆಣಗಬೇಕು.

ಈ ದೃಶ್ಯ ನಿಲ್ಲಬೇಕಾದರೆ ಒಂದು ಎಚ್ಚರ ಬೇಕು. ಕಥೆಯಲ್ಲಿ ಎರಡು ಭಾಷೆಗಳಿವೆ, ನಿಮ್ಮ ಕೈಯಲ್ಲಿರುವುದು ಕನ್ನಡ ಒಂದೇ. ವಿದ್ಯಾರ್ಥಿಗಳು ಇಲ್ಲಿಯೇ ಎಡವುತ್ತಾರೆ. ನಾಯಕನ ಹರುಕು ಮಾತನ್ನು ಬರೆಯುತ್ತ ಬರೆಯುತ್ತ ಅವನ ಯೋಚನೆಯನ್ನೂ ಹರುಕು ಮಾಡಿಬಿಡುತ್ತಾರೆ. ಆಗ ಓದುಗನೂ ಆ ಮುದುಕಿಯ ಜಾಗದಲ್ಲಿ ನಿಂತು ಅವನನ್ನು ಪೆದ್ದ ಎಂದುಕೊಳ್ಳುತ್ತಾನೆ. ಅವನ ಮನಸ್ಸಿನ ಮಾತನ್ನು ತುಂಬು ಕನ್ನಡದಲ್ಲಿ ಬರೆಯಿರಿ, ಉದ್ದ ವಾಕ್ಯಗಳಿರಲಿ, ವ್ಯಂಗ್ಯವಿರಲಿ, ಅಜ್ಜಿಯ ನೆನಪಿನಲ್ಲಿ ಬಹುವಚನದ ಗೌರವವೂ ಇರಲಿ. ಬಾಯಿ ತೆರೆದಾಗ ಮಾತ್ರ ಎರಡು ಪದ ಬೀಳಲಿ. ಒಳಗಿನ ಮಾತಿಗೂ ಹೊರಗಿನ ಮಾತಿಗೂ ಇರುವ ಆ ಕಂದರವನ್ನು ಓದುಗ ಪ್ರತಿ ಸಾಲಿನಲ್ಲೂ ದಾಟಬೇಕು. ಬೇರೆಯವರ ಮಾತನ್ನೂ ಅವನಿಗೆ ತಿಳಿದಷ್ಟೇ ಕೊಡಿ. ಮುದುಕಿ ಏನು ಹೇಳಿದಳು ಎಂಬುದನ್ನು ಓದುಗನಿಗೂ ಹೇಳಬೇಡಿ.

ಮುಂದಿನದು ಕಾಲದ ಪ್ರಶ್ನೆ. ‘ಎರಡು ವರ್ಷ ಕಳೆಯಿತು, ಈಗ ಅವನಿಗೆ ಭಾಷೆ ಸರಾಗ’ ಎಂದು ಹಾರಿಬಿಡುವ ಆಸೆಯಾಗುತ್ತದೆ. 1970ರ ದಶಕದಲ್ಲಿ ಹೈಡೆಲ್‌ಬರ್ಗ್‌ನಲ್ಲಿ ಇಟಲಿ ಮತ್ತು ಸ್ಪೇನ್‌ನಿಂದ ಬಂದ ಕೆಲಸಗಾರರ ಜರ್ಮನ್ ಹೇಗೆ ಬೆಳೆಯುತ್ತದೆ ಎಂದು ಒಂದು ಸಂಶೋಧನಾ ತಂಡ ಪರಿಶೀಲಿಸಿತು. ಎಷ್ಟು ವರ್ಷ ಅಲ್ಲಿದ್ದರು ಎಂಬುದಕ್ಕಿಂತ, ಬಿಡುವಿನ ವೇಳೆಯಲ್ಲಿ ಸ್ಥಳೀಯರೊಡನೆ ಒಡನಾಟ ಎಷ್ಟಿತ್ತು ಎಂಬುದೇ ಭಾಷೆಯ ಮೇಲೆ ಹೆಚ್ಚು ಪರಿಣಾಮ ಬೀರಿದ್ದು ಕಂಡುಬಂತು. ಕೆಲಸದ ಗದ್ದಲದಲ್ಲಿ ಆಡುವ ಮಾತು ಹತ್ತು ವರ್ಷ ಕಳೆದರೂ ಅಷ್ಟಕ್ಕೇ ನಿಲ್ಲಬಹುದು. ಹಾಗಾಗಿ ನಿಮ್ಮ ನಾಯಕನ ಮಾತು ಬದಲಾಗಬೇಕಿದ್ದರೆ ಕ್ಯಾಲೆಂಡರ್ ಹಾಳೆ ತಿರುವಿದರೆ ಸಾಲದು. ಕೆಲಸವಿಲ್ಲದ ಹೊತ್ತಿನಲ್ಲಿ ಅವನೊಡನೆ ಮಾತನಾಡುವ ಒಬ್ಬರು ಬೇಕು.

ಆ ಒಬ್ಬರು ಮುದುಕಿಯ ಮೊಮ್ಮಗಳಾಗಲಿ, ಏಳೆಂಟು ವರ್ಷದವಳು. ಮಕ್ಕಳು ತಿದ್ದಲು ಹಿಂಜರಿಯುವುದಿಲ್ಲ, ದೊಡ್ಡವರು ಸೌಜನ್ಯದಿಂದ ಸುಮ್ಮನಾಗುವ ಕಡೆ ಅವರು ಬಾಯಿ ಹಾಕುತ್ತಾರೆ. ಅವಳು ಒಂದು ದಿನ ಮೆಟ್ಟಿಲ ಮೇಲೆ ಕುಳಿತು, "‘ಕೊಡು’ ಅಲ್ಲ, ‘ಕೊಡಿ’ ಎನ್ನಬೇಕು" ಎನ್ನುತ್ತಾಳೆ. ಅವನಿಗೆ ಆ ಒಂದು ಸ್ವರ ಸಿಕ್ಕಿದಾಗ ನಾಲ್ಕು ತಿಂಗಳು ಮೊದಲಿನ ಸಂಜೆಯ ಅರ್ಥ ಒಮ್ಮೆಲೇ ತಿಳಿಯುತ್ತದೆ. ಜೊತೆಗೆ ಇನ್ನೊಂದೂ ತಿಳಿಯುತ್ತದೆ: ಮೇಸ್ತ್ರಿ ಇಷ್ಟು ದಿನ ತನ್ನನ್ನು ಹೇಗೆ ಕರೆಯುತ್ತಿದ್ದ ಎಂಬುದು. ಭಾಷೆ ಬಂದಷ್ಟೂ ನೆಮ್ಮದಿ ಎಂದುಕೊಂಡಿದ್ದವನಿಗೆ, ಭಾಷೆ ಬಂದ ಕೂಡಲೇ ಅದುವರೆಗೂ ಕೇಳಿಸದಿದ್ದ ಅವಮಾನಗಳು ಕೇಳಿಸಲು ತೊಡಗುತ್ತವೆ. ನನ್ನ ಮಟ್ಟಿಗೆ ಈ ವಿಷಯದ ಜೀವ ಇರುವುದು ಇಲ್ಲಿ. ಬೇರೆಡೆ ಎರಡು ಸಾಲು ಕಡಿಮೆಯಾದರೂ ಇಲ್ಲಿ ಒಂದು ಪುಟ ಕೊಡಿ.

ನಂತರ ಗೋದಾಮಿನಲ್ಲಿ ಒಂದು ಚಿಕ್ಕ ದೃಶ್ಯ. ಮೇಸ್ತ್ರಿ ನಾಯಕನ ತಾಯ್ನುಡಿಯಲ್ಲಿ ಎಲ್ಲೋ ಕೇಳಿದ ಎರಡು ಪದಗಳನ್ನು ತಪ್ಪುತಪ್ಪಾಗಿ ಆಡುತ್ತಾನೆ. ಎಲ್ಲರೂ ಹಿಗ್ಗುತ್ತಾರೆ, ‘ಎಷ್ಟು ದೊಡ್ಡ ಮನಸ್ಸು’ ಎಂಬಂತೆ. ಅದೇ ದಿನ ನಾಯಕ ಹೊಸದಾಗಿ ಕಲಿತ ‘ಕೊಡಿ’ಯನ್ನು ತನ್ನ ಸರೀಕನ ಮೇಲೆ ಪ್ರಯೋಗಿಸುತ್ತಾನೆ. ಎಲ್ಲರೂ ನಗುತ್ತಾರೆ, ಬೇರೆ ಥರ. ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಪಿಯರ್ ಬೋರ್ದಿಯು ಇಂಥದ್ದೊಂದು ಘಟನೆಯನ್ನು ಚರ್ಚಿಸಿದ್ದಾನೆ. 1974ರಲ್ಲಿ ಪೋ ನಗರದ ಮೇಯರ್ ಒಂದು ಸಮಾರಂಭದಲ್ಲಿ ಫ್ರೆಂಚ್ ಬಿಟ್ಟು ಆ ಸೀಮೆಯ ಬೇಯಾರ್ನ್ ನುಡಿಯಲ್ಲಿ ಮಾತನಾಡಿದ, ಸಭಿಕರು ಮನಸೋತರೆಂದು ಪತ್ರಿಕೆ ಬರೆಯಿತು. ಸಭಿಕರಲ್ಲಿ ಅನೇಕರ ಮನೆಮಾತೇ ಅದು. ಹಳ್ಳಿಗ ಆಡಿದರೆ ಕೊರತೆ, ಮೇಯರ್ ಆಡಿದರೆ ಔದಾರ್ಯ. ಬೋರ್ದಿಯು ಕೂಡ ಅದೇ ಸೀಮೆಯವನು, ಆ ಮೆಚ್ಚುಗೆಯ ಹುಳುಕು ಅವನಿಗೆ ಬೇಗ ಕಂಡದ್ದರಲ್ಲಿ ಆಶ್ಚರ್ಯವಿಲ್ಲ.

ಆದರೆ ಬೋರ್ದಿಯುವನ್ನು ಕಥೆಯೊಳಗೆ ತರಬೇಡಿ. ‘ಭಾಷಿಕ ಬಂಡವಾಳ’ ಎಂಬ ಅವನ ಪದ ಯಾವ ಪಾತ್ರದ ಬಾಯಿಗೂ ಬರಬಾರದು. ಅಧ್ಯಾಪಕರು ಸಿದ್ಧಾಂತ ಕೇಳಿದ್ದರೆ ಕಥೆಯ ಕೊನೆಗೆ ಅರ್ಧ ಪುಟದ ಟಿಪ್ಪಣಿ ಬೇರೆಯಾಗಿ ಲಗತ್ತಿಸಿ, ಯಾವ ದೃಶ್ಯ ಯಾವ ಪರಿಕಲ್ಪನೆಯಿಂದ ಬಂತು ಎಂದು ಅಲ್ಲಿ ಹೇಳಿ. ಜರ್ಮನ್ ಸಮಾಜಶಾಸ್ತ್ರಜ್ಞ ಜಾರ್ಜ್ ಜಿಮ್ಮೆಲ್ 1908ರಲ್ಲಿ ಬರೆದ ‘ಅಪರಿಚಿತ’ನನ್ನು ಎಲ್ಲರೂ ಈ ಟಿಪ್ಪಣಿಗೆ ಎಳೆದು ತರುತ್ತಾರೆ. ಇಂದು ಬಂದು ನಾಳೆಯೂ ಉಳಿಯುವವನ ಸಾಮೀಪ್ಯ ಮತ್ತು ದೂರ ಅವನ ವಿಷಯ. ನಿಮ್ಮ ಕಥೆ ನಿಂತಿರುವ ಏಕವಚನ ಬಹುವಚನಗಳ ಬಗ್ಗೆ ಅಲ್ಲಿ ಏನೂ ಸಿಗುವುದಿಲ್ಲ. ಅದಕ್ಕೆ ರೋಜರ್ ಬ್ರೌನ್ ಮತ್ತು ಆಲ್ಬರ್ಟ್ ಗಿಲ್ಮನ್ 1960ರಲ್ಲಿ ಬರೆದ ಲೇಖನವೇ ಸರಿ. ಮೇಲಿನವನು ‘ನೀನು’ ಎಂದು ‘ನೀವು’ ಪಡೆಯುವುದು ಅಧಿಕಾರ, ಇಬ್ಬರೂ ಒಂದೇ ರೂಪ ಬಳಸುವುದು ಒಡನಾಟ ಎಂಬ ಅವರ ವಿಂಗಡಣೆ ನಿಮ್ಮ ಮೂರೂ ದೃಶ್ಯಗಳಿಗೆ ಹೊಂದುತ್ತದೆ.

ಇನ್ನು ಮುಗಿಸುವುದು. ಮುದುಕಿ ಒಂದು ದಿನ ಚೀಲ ಕೊಟ್ಟು ಮುಗುಳ್ನಕ್ಕಳು ಎಂದು ಮುಗಿಸಬಹುದು, ಅಂಕ ಸಿಗುತ್ತದೆ. ನಾನಾದರೆ ಗೋದಾಮಿಗೇ ಮರಳುತ್ತೇನೆ. ಮಳೆ ಬರುವಂತಿದೆ, ಲಾರಿ ಬಾಗಿಲು ತೆರೆದು ನಿಂತಿದೆ. ಅಂದು ಬೆಳಿಗ್ಗೆಯಷ್ಟೇ ಸೇರಿದ ಹುಡುಗನೊಬ್ಬ ಏನು ಮಾಡಬೇಕೆಂದು ತಿಳಿಯದೆ ಸುತ್ತ ನೋಡುತ್ತಿದ್ದಾನೆ. ಅವನು ನಾಯಕನ ಊರಿನ ಕಡೆಯವನೇ, ಮನೆಮಾತೂ ಒಂದೇ, ಅದು ಇಬ್ಬರಿಗೂ ಗೊತ್ತು. ನಾಯಕ ತಿರುಗಿ, ಯೋಚಿಸದೆ, ನಗರದ ಭಾಷೆಯಲ್ಲಿ ಹೇಳುತ್ತಾನೆ: "ಎತ್ತು. ಬೇಗ." ಉಚ್ಚಾರಣೆಯಲ್ಲಿ ಒಂದು ತಪ್ಪೂ ಇಲ್ಲ. ಮೇಸ್ತ್ರಿ ಮೊದಲ ಸಲ ಅವನ ಹೆಗಲು ತಟ್ಟುತ್ತಾನೆ. ನಾಯಕನಿಗೆ ಏನನ್ನಿಸಿತು ಎಂದು ಬರೆಯಬೇಡಿ. ಹುಡುಗ ಪೆಟ್ಟಿಗೆ ಎತ್ತಿದ ಎಂದು ಬರೆದು ಪೆನ್ನು ಕೆಳಗಿಡಿ.