ಹೆಪಟೈಟಿಸ್ ಬಿ ಟೈಟರ್ 10ಕ್ಕಿಂತ ಕೆಳಗೆ ಬಂದರೆ ಮೂರೂ ಡೋಸ್ ಮತ್ತೆ ಬೇಕಾ?

ಪ್ರಶ್ನೆ: ನರ್ಸಿಂಗ್ ಓದುವಾಗ ಹೆಪಟೈಟಿಸ್ ಬಿ ಲಸಿಕೆಯ ಮೂರೂ ಡೋಸ್ ತಗೊಂಡಿದ್ದೆ. ಎಂಟು ವರ್ಷ ಆಯ್ತು. ಈಗ ಹೊಸ ಆಸ್ಪತ್ರೆಗೆ ಸೇರುವಾಗ ಟೈಟರ್ ಮಾಡಿಸಿದರು, 6 ಬಂದಿದೆ. ಲಸಿಕೆಯ ಶಕ್ತಿ ಮುಗಿದುಹೋಯ್ತಾ? ಮೊದಲಿನಿಂದ ಮೂರೂ ಹಾಕಿಸಬೇಕಾ, ಒಂದು ಬೂಸ್ಟರ್ ಸಾಕಾ?

ನನಗೂ ಹೀಗೇ ಆಗಿತ್ತು. ಆದರೆ ಟೈಟರ್, ಅಂದರೆ ರಕ್ತದಲ್ಲಿರುವ ಪ್ರತಿಕಾಯದ ಮಟ್ಟ, ಕಡಿಮೆ ಇದೆ ಅಂತ ನನಗೆ ಗೊತ್ತಾಗಿದ್ದು ಸೂಜಿ ಚುಚ್ಚಿಕೊಂಡ ಮೇಲೆ. ನಿಮಗೆ ಮೊದಲೇ ಗೊತ್ತಾಗಿದೆ. ಇದು ಎಷ್ಟು ದೊಡ್ಡ ವ್ಯತ್ಯಾಸ ಅಂತ ಹೇಳೋಕೇ ಇದನ್ನು ಬರೆಯುತ್ತಿದ್ದೇನೆ.

ಆಗ ನಾನು ಜಯನಗರದ ಕಡೆ ಒಂದು ಲ್ಯಾಬ್‌ನಲ್ಲಿ ಟೆಕ್ನಿಷಿಯನ್ ಆಗಿದ್ದೆ. ಬೆಳಗಿನ ಹೊತ್ತು ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಲು ಬಂದವರ ಸಾಲು ಬಾಗಿಲವರೆಗೂ ಇರುತ್ತಿತ್ತು. ಬಳಸಿದ ಸೂಜಿಯನ್ನು ಡಬ್ಬಿಗೆ ಹಾಕುವಾಗ ಅದು ಗ್ಲೌಸ್ ದಾಟಿ ಬೆರಳಿಗೆ ಹೊಕ್ಕಿತು. ಸೋಪು, ನೀರು ಹಾಕಿ ತೊಳೆದುಕೊಂಡೆ. ಆ ರೋಗಿಯ ರಕ್ತದಲ್ಲಿ ಹೆಪಟೈಟಿಸ್ ಬಿ ಆಂಟಿಜನ್, ಅಂದರೆ ವೈರಸ್ ಮೇಲ್ಮೈಯ ಪ್ರೋಟೀನ್, ಪಾಸಿಟಿವ್ ಬಂತು. ಲಸಿಕೆಯೇ ಹಾಕಿಸಿಕೊಳ್ಳದವರಿಗೆ ಇಂಥ ಒಂದು ಚುಚ್ಚಿನಿಂದ ಸೋಂಕು ತಗಲುವ ಸಾಧ್ಯತೆ ನೂರಕ್ಕೆ 6ರಿಂದ 30. ಎಚ್‌ಐವಿಯದು ನೂರಕ್ಕೆ ಅರ್ಧಕ್ಕಿಂತಲೂ ಕಡಿಮೆ. ಹಾಗಾಗಿ ಹೆದರಬೇಕಾದದ್ದು ಇದಕ್ಕೇ.

ನಾನು ಧೈರ್ಯವಾಗಿದ್ದೆ. ಮೂರೂ ಡೋಸ್ ಆಗಿತ್ತಲ್ವಾ. ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ ಬೇರೆಯೇ ಇತ್ತು.

"ಮೂರನೇ ಡೋಸ್ ಆದಮೇಲೆ ಟೈಟರ್ ನೋಡಿಸಿದ್ರಾ?"

"ಇಲ್ಲ ಮೇಡಂ, ಲಸಿಕೆ ಕಾರ್ಡ್ ಇದೆ."

"ಕಾರ್ಡ್ ಇದ್ರೆ ಲಸಿಕೆ ಒಳಗೆ ಹೋಗಿದೆ ಅಂತ ಗೊತ್ತಾಗುತ್ತೆ. ನಿಮ್ಮ ಮೈ ಅದಕ್ಕೆ ಏನು ಮಾಡ್ತು ಅಂತ ಗೊತ್ತಾಗಲ್ಲ."

ನನಗೆ ದುಬಾರಿಯಾದ ತಪ್ಪು ಇದೊಂದೇ. ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನರ್ಸಿಂಗ್, ಲ್ಯಾಬ್ ಹುಡುಗ ಹುಡುಗಿಯರು ಇವತ್ತಿಗೂ ಇದನ್ನೇ ಮಾಡುತ್ತಾರೆ. ಕೊನೆಯ ಡೋಸ್ ಆಗಿ ಒಂದರಿಂದ ಎರಡು ತಿಂಗಳೊಳಗೆ ಟೈಟರ್ ಮಾಡಿಸಬೇಕು. ಆಗ 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ನಿಮ್ಮ ಮೈ ಲಸಿಕೆಗೆ ಉತ್ತರ ಕೊಟ್ಟಿದೆ ಅಂತ ಬರವಣಿಗೆಯಲ್ಲಿ ದಾಖಲೆ ಸಿಗುತ್ತದೆ. ಆ ದಾಖಲೆ ಇರುವ ಆರೋಗ್ಯವಂತ ವ್ಯಕ್ತಿಗೆ ಮುಂದೆ ಪಾಸಿಟಿವ್ ಸೂಜಿ ಚುಚ್ಚಿದರೂ ಹೆಪಟೈಟಿಸ್ ಬಿಗಾಗಿ ಏನೂ ಮಾಡಬೇಕಾಗಿಲ್ಲ. ಅಷ್ಟು ಹೊತ್ತಿಗೆ ಟೈಟರ್ ಸೊನ್ನೆಗೆ ಇಳಿದಿದ್ದರೂ ಸರಿಯೇ.

ನನ್ನಲ್ಲಿ ಆ ಕಾಗದ ಇರಲಿಲ್ಲ. ಅವತ್ತು ಮಾಡಿದ ಟೈಟರ್ 10ಕ್ಕಿಂತ ಕೆಳಗೆ ಬಂತು. ಇಂಥ ಅಂಕಿ ಎರಡು ಥರದ ಜನರಲ್ಲಿ ಬರುತ್ತದೆ. ಒಬ್ಬರಲ್ಲಿ ಹಿಂದೆ ನೂರಾರು ಇದ್ದದ್ದು ವರ್ಷಗಳಲ್ಲಿ ಇಳಿದಿರುತ್ತದೆ. ಇನ್ನೊಬ್ಬರ ಮೈ ಲಸಿಕೆಗೆ ಉತ್ತರವನ್ನೇ ಕೊಟ್ಟಿರುವುದಿಲ್ಲ. ಆರೋಗ್ಯವಂತ ವಯಸ್ಕರಲ್ಲೂ ನೂರಕ್ಕೆ ಐದರಿಂದ ಹತ್ತು ಜನ ಹೀಗಿರುತ್ತಾರೆ. ಮೊದಲನೆಯವರು ಸುರಕ್ಷಿತ, ಎರಡನೆಯವರು ಅಲ್ಲ. ವರ್ಷಗಳ ನಂತರ ತೆಗೆದ ಒಂದು ಟೈಟರ್ ಇಬ್ಬರನ್ನೂ ಬೇರೆ ಮಾಡಿ ತೋರಿಸುವುದಿಲ್ಲ. ಹಾಗಾಗಿ ಡಾಕ್ಟರ್ ನನ್ನನ್ನು ಎರಡನೆಯವರ ಲೆಕ್ಕಕ್ಕೆ ಸೇರಿಸಿದರು. ಅದು ಸರಿಯಾದ ನಿರ್ಧಾರ.

ಒಂದು ತೋಳಿಗೆ ಲಸಿಕೆ, ಬೇರೆ ಜಾಗಕ್ಕೆ ಇಮ್ಯುನೋಗ್ಲಾಬ್ಯುಲಿನ್ ಕೊಟ್ಟರು. ಅದು ಬೇರೆಯವರ ಪ್ಲಾಸ್ಮಾದಿಂದ ತೆಗೆದ ಸಿದ್ಧ ಪ್ರತಿಕಾಯ. ದೇಹದ ತೂಕಕ್ಕೆ ತಕ್ಕಂತೆ ಕೊಡುತ್ತಾರೆ. ಸಾಧ್ಯವಾದರೆ 24 ಗಂಟೆಯೊಳಗೇ ಕೊಡಬೇಕು. ಬೆಲೆ ಸಾವಿರಾರು ರೂಪಾಯಿ. ದುಡ್ಡಿಗಿಂತ ಕಾಡಿದ್ದು ಇನ್ನೊಂದು. ಎರವಲು ಪ್ರತಿಕಾಯ ಒಳಗೆ ಹೋದಮೇಲೆ ಟೈಟರ್ ಪರೀಕ್ಷೆಗೆ ಅರ್ಥವೇ ಇರುವುದಿಲ್ಲ. ಯಂತ್ರಕ್ಕೆ ನನ್ನ ಪ್ರತಿಕಾಯ ಯಾವುದು, ಎರವಲಿನದು ಯಾವುದು ಅಂತ ಗೊತ್ತಾಗಲ್ಲ. ಅದೆಲ್ಲ ಕರಗಲು ಆರು ತಿಂಗಳು ಕಾಯಬೇಕು. ಸೋಂಕು ತಗಲಿಲ್ಲ ಅಂತ ಖಚಿತವಾಗಲು ಆಂಟಿಜನ್ ಪರೀಕ್ಷೆಗೂ, ನಿಜವಾದ ಸೋಂಕಿನಿಂದ ಮಾತ್ರ ಬರುವ ಕೋರ್ ಪ್ರತಿಕಾಯದ ಪರೀಕ್ಷೆಗೂ ಆರು ತಿಂಗಳು. ಜೊತೆಗೆ ಮೂರು ಡೋಸ್ ಮೊದಲಿನಿಂದ. ಕೊನೆಗೆ ಎಲ್ಲ ಸರಿಯಾಗಿಯೇ ಬಂತು. ಆದರೆ ಮನೆಯಲ್ಲಿ ಚಿಕ್ಕ ಮಗು ಇತ್ತು. ಆ ಆರು ತಿಂಗಳು ನನ್ನ ಹೆಂಡತಿ ಹೇಗೆ ಕಳೆದಳು ಅಂತ ನನಗೆ ಮಾತ್ರ ಗೊತ್ತು.

ಈಗ ನಿಮ್ಮ 6ಕ್ಕೆ ಬರುತ್ತೇನೆ. "ಶಕ್ತಿ ಮುಗಿದುಹೋಯ್ತಾ" ಅನ್ನುವ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಟೈಟರ್ ಇಳಿದೇ ಇಳಿಯುತ್ತದೆ. ಅದು ಕಾಯಿಲೆಯಲ್ಲ, ಲಸಿಕೆಯ ದೋಷವೂ ಅಲ್ಲ.

ಮೊದಲ ಡೋಸ್ ತೋಳಿಗೆ ಬಿದ್ದಾಗ ಈ ಆಂಟಿಜನ್‌ಗೆ ಹೊಂದುವ, ಪ್ರತಿಕಾಯ ಮಾಡುವ ಬಿ ಕೋಶಗಳು ಮೈಯಲ್ಲಿ ಬಹಳ ಕಡಿಮೆ ಇರುತ್ತವೆ. ಕಂಕುಳಿನ ದುಗ್ಧಗ್ರಂಥಿಯಲ್ಲಿ ಅವು ಆಂಟಿಜನ್ ಕಂಡು, ಟಿ ಕೋಶಗಳ ಸಹಾಯ ಪಡೆದು, ಒಡೆದು ಒಡೆದು ಸಂಖ್ಯೆ ಹೆಚ್ಚಿಸಿಕೊಳ್ಳಬೇಕು. ಹಾಗಾಗಿ ಮೊದಲ ಕೆಲವು ದಿನ ರಕ್ತದಲ್ಲಿ ಏನೂ ಕಾಣುವುದಿಲ್ಲ. ಸುಮಾರು ಒಂದು ವಾರದ ಮೇಲೆ ಮೊದಲು ಐಜಿಎಂ, ಆಮೇಲೆ ಐಜಿಜಿ ಅನ್ನುವ ಪ್ರತಿಕಾಯ ಬರುತ್ತದೆ. ಎರಡು-ನಾಲ್ಕು ವಾರಕ್ಕೆ ತುದಿ ಮುಟ್ಟಿ ಇಳಿಯುತ್ತದೆ. ಈ ಮೊದಲ ಅಲೆ ಚಿಕ್ಕದು, ಪ್ರತಿಕಾಯದ ಹಿಡಿತವೂ ಸಡಿಲ.

ನಿಜವಾದ ಕೆಲಸ ನಡೆಯುವುದು ಆ ಅಲೆ ಇಳಿಯುವಾಗ. ದುಗ್ಧಗ್ರಂಥಿಯಲ್ಲಿ ಬಿ ಕೋಶಗಳ ಪ್ರತಿಕಾಯ ಜೀನ್‌ಗಳಲ್ಲಿ ಸಣ್ಣ ಬದಲಾವಣೆಗಳಾಗುತ್ತವೆ. ಆಂಟಿಜನ್ನನ್ನು ಬಿಗಿಯಾಗಿ ಹಿಡಿಯುವವು ಉಳಿಯುತ್ತವೆ, ಉಳಿದವು ಸಾಯುತ್ತವೆ. ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಇದು ಸಾಗುತ್ತದೆ. ಇಲ್ಲಿಂದ ಎರಡು ಥರದ ಕೋಶ ಹೊರಬರುತ್ತವೆ. ಒಂದು, ಮೂಳೆ ಮಜ್ಜೆಗೆ ಹೋಗಿ ಕೂತು ಪ್ರತಿಕಾಯ ಸುರಿಸುವ ಪ್ಲಾಸ್ಮಾ ಕೋಶ. ಎರಡು, ಪ್ರತಿಕಾಯ ಸುರಿಸದೆ ಸುಮ್ನೆ ಕಾಯುವ ನೆನಪಿನ ಕೋಶ. ರಕ್ತದಲ್ಲಿರುವ ಐಜಿಜಿ ಸುಮಾರು ಮೂರು ವಾರಕ್ಕೆ ಅರ್ಧವಾಗುತ್ತದೆ. ಆದ್ದರಿಂದ ಟೈಟರ್ ಹೇಳುವುದು ಪ್ಲಾಸ್ಮಾ ಕೋಶಗಳು ಈಚೆಗೆ ಎಷ್ಟು ಸುರಿಸಿವೆ ಅನ್ನುವುದನ್ನು ಮಾತ್ರ. ನೆನಪಿನ ಕೋಶದ ಸುದ್ದಿಯೇ ಅದರಲ್ಲಿಲ್ಲ. ಮನೆ ಮೇಲಿನ ಟ್ಯಾಂಕಿನಲ್ಲಿ ನೀರು ಎಷ್ಟಿದೆ ಅಂತ ನೋಡಿ ಬೋರ್‌ವೆಲ್ ಬತ್ತಿದೆ ಅಂತ ಹೇಳೋಕಾಗುತ್ತಾ?

ಆಂಟಿಜನ್ ಎರಡನೇ ಸಲ ಬಂದಾಗ ಕಥೆಯೇ ಬೇರೆ. ನೆನಪಿನ ಕೋಶಗಳ ಸಂಖ್ಯೆ ಆಗಲೇ ಜಾಸ್ತಿ ಇರುತ್ತದೆ, ಹಿಡಿತ ಬಿಗಿ, ಹೆಚ್ಚಿನವು ಐಜಿಜಿಗೆ ತಿರುಗಿಯೂ ಇರುತ್ತವೆ. ಹಾಗಾಗಿ ಕೆಲವೇ ದಿನಕ್ಕೆ ಪ್ರತಿಕಾಯ ಏರಲು ಶುರುವಾಗುತ್ತದೆ. ಒಂದೆರಡು ವಾರದಲ್ಲಿ ಮೊದಲ ಸಲಕ್ಕಿಂತ ಹತ್ತಾರು ಪಟ್ಟು ಮೇಲೆ ಹೋಗುತ್ತದೆ, ಇಳಿಯುವುದೂ ನಿಧಾನ.

0, 1, 6 ತಿಂಗಳು ಅನ್ನುವ ನಮ್ಮ ವೇಳಾಪಟ್ಟಿ ಇದನ್ನೇ ನಂಬಿದೆ. ಮೊದಲೆರಡು ಡೋಸ್ ತಯಾರಿ. ಐದು ತಿಂಗಳ ಬಿಡುವಿನಲ್ಲಿ ಒಳ್ಳೆಯ ಕೋಶಗಳ ಆಯ್ಕೆ ನಡೆಯುತ್ತದೆ. ಮೂರನೆಯದು ನಿಜವಾದ ಬೂಸ್ಟರ್. ಬೇಗ ಮುಗಿಸೋಣ ಅಂತ ಮೂರನೆಯದನ್ನು ತೀರಾ ಹತ್ತಿರ ತಂದರೆ ಕೆಡುತ್ತದೆ. ಎರಡನೆಯದಾದ ಮೇಲೆ ಕನಿಷ್ಠ ಎಂಟು ವಾರ, ಮೊದಲನೆಯದಾದ ಮೇಲೆ ಕನಿಷ್ಠ ಹದಿನಾರು ವಾರ ಇರಲೇಬೇಕು. ತಡವಾದರೆ ಅಷ್ಟು ಚಿಂತೆಯಿಲ್ಲ. ಬಿಟ್ಟ ಡೋಸ್‌ನಿಂದ ಮುಂದುವರಿಸಿದರೆ ಸಾಕು.

ಟೈಟರ್ ಇಳಿದವರಲ್ಲಿ ನೆನಪು ನಿಜಕ್ಕೂ ಉಳಿದಿರುತ್ತದಾ? ಅಲಾಸ್ಕಾದಲ್ಲಿ 1981ರಲ್ಲಿ ಲಸಿಕೆ ಪಡೆದವರನ್ನು 30 ವರ್ಷದ ನಂತರ ಪರೀಕ್ಷಿಸಿದರು. ಸುಮಾರು ಅರ್ಧದಷ್ಟು ಜನರಲ್ಲಿ ಟೈಟರ್ 10ಕ್ಕಿಂತ ಕೆಳಗಿತ್ತು. ಅವರಲ್ಲಿ ಒಂದೇ ಬೂಸ್ಟರ್ ಪಡೆದವರ ಪೈಕಿ ನೂರಕ್ಕೆ 88 ಜನರ ಟೈಟರ್ ತಿಂಗಳೊಳಗೆ 10 ದಾಟಿತು.

ಈ ಕಾಯಿಲೆಯಲ್ಲಿ ನೆನಪೊಂದೇ ಸಾಕಾಗಲು ಇನ್ನೊಂದು ಕಾರಣ, ವೈರಸ್ ನಿಧಾನಿ. ಸೋಂಕು ತಗಲಿದ ಮೇಲೆ ಕಾಯಿಲೆ ಕಾಣಿಸಲು ಸರಾಸರಿ ಮೂರು ತಿಂಗಳು ಬೇಕು. ನೆನಪಿನ ಕೋಶ ಏಳಲು ವಾರ ಸಾಕು. ಇದನ್ನೇ ಎಲ್ಲ ಲಸಿಕೆಗೂ ಅನ್ವಯಿಸಬೇಡಿ. ಟೆಟನಸ್ ಸಾಮಾನ್ಯವಾಗಿ ಹತ್ತು ದಿನದ ಆಸುಪಾಸಿನಲ್ಲೇ ಶುರುವಾಗಬಹುದು, ವಿಷ ನರಕ್ಕೆ ಹೊಕ್ಕಮೇಲೆ ಪ್ರತಿಕಾಯ ಬಂದು ಪ್ರಯೋಜನವಿಲ್ಲ. ಅಲ್ಲಿ ಪ್ರತಿಕಾಯ ಮೊದಲೇ ರಕ್ತದಲ್ಲಿರಬೇಕು. ಅದಕ್ಕೇ ಹತ್ತು ವರ್ಷಕ್ಕೊಮ್ಮೆ ಬೂಸ್ಟರ್. ಹೆಪಟೈಟಿಸ್ ಬಿಯಲ್ಲೂ ಡಯಾಲಿಸಿಸ್‌ನಲ್ಲಿರುವವರ ಲೆಕ್ಕ ಬೇರೆ. ಅವರ ನೆನಪನ್ನು ನಂಬುವ ಹಾಗಿಲ್ಲ. ವರ್ಷಕ್ಕೊಮ್ಮೆ ಟೈಟರ್ ನೋಡಿ, 10ಕ್ಕಿಂತ ಇಳಿದರೆ ಬೂಸ್ಟರ್ ಕೊಡುತ್ತಾರೆ.

ಈಗ ನಿಮ್ಮ ಕೆಲಸ. ಹಳೆಯ ಕಾಲೇಜಿಗೆ ಫೋನ್ ಮಾಡಿ, ಮೂರನೇ ಡೋಸ್ ಆದಮೇಲೆ ಯಾರಾದರೂ ಟೈಟರ್ ಮಾಡಿಸಿದ್ದರಾ ಕೇಳಿ. 10 ದಾಟಿದ ರಿಪೋರ್ಟ್ ಸಿಕ್ಕರೆ, ನೀವು ಬೇರೆ ರೀತಿಯಲ್ಲಿ ಆರೋಗ್ಯವಾಗಿದ್ದರೆ, ಬೂಸ್ಟರ್ ಕೂಡ ಬೇಡ. ಅದನ್ನು ಹೊಸ ಆಸ್ಪತ್ರೆಯ ಫೈಲಿಗೆ ಹಾಕಿಸಿ.

ಸಿಗದಿದ್ದರೆ ಆಸ್ಪತ್ರೆಯ ಡಾಕ್ಟರ್ ಹತ್ತಿರ ಮಾತಾಡಿ ಒಂದೇ ಒಂದು ಡೋಸ್ ಹಾಕಿಸಿ. ಮೂರು ಅಲ್ಲ. ಒಂದರಿಂದ ಎರಡು ತಿಂಗಳು ಬಿಟ್ಟು ಟೈಟರ್ ಮಾಡಿಸಿ. ಮಾರನೇ ದಿನವೋ ಮೂರನೇ ದಿನವೋ ಹೋಗಬೇಡಿ, ಎಂಥ ಒಳ್ಳೆಯ ನೆನಪಿಗೂ ಅಷ್ಟು ಬೇಗ ಏರಲು ಆಗುವುದಿಲ್ಲ. ಆ ಸಲ 10 ದಾಟಿದರೆ ಮುಗಿಯಿತು. ನೂರಾರಕ್ಕೆ ಹಾರಿದರೆ ಹಳೆಯ ನೆನಪು ಎದ್ದಿದೆ ಅಂತ ಹೆಚ್ಚುಕಡಿಮೆ ಧೈರ್ಯವಾಗಿ ಹೇಳಬಹುದು. ಆಗಲೂ 10ರ ಕೆಳಗೇ ಇದ್ದರೆ ಉಳಿದ ಎರಡು ಡೋಸ್ ಹಾಕಿಸಿ, ಮತ್ತೆ ಒಂದೆರಡು ತಿಂಗಳಿಗೆ ಟೈಟರ್. ಆರು ಡೋಸ್ ಆದರೂ ಏರದಿದ್ದರೆ ಆಂಟಿಜನ್ ಮತ್ತು ಕೋರ್ ಪ್ರತಿಕಾಯ ನೋಡಲೇಬೇಕು. ಕೆಲವರಿಗೆ ಗೊತ್ತಿಲ್ಲದೆ ಹಳೆಯ ಸೋಂಕೇ ಇರುತ್ತದೆ, ಅಂಥವರಲ್ಲಿ ಎಷ್ಟು ಡೋಸ್ ಕೊಟ್ಟರೂ ಟೈಟರ್ ಏರುವುದಿಲ್ಲ.

ಈ ನಡುವೆ ಸೂಜಿ ಚುಚ್ಚಿದರೆ ಗಾಯ ಹಿಂಡಬೇಡಿ, ಸೋಪು ನೀರಿನಲ್ಲಿ ತೊಳೆದು ಆ ದಿನವೇ ತಿಳಿಸಿ. ಟೈಟರ್ 6 ಇದೆ, ಹಳೆಯ ರಿಪೋರ್ಟ್ ಇಲ್ಲ ಅನ್ನುವ ಎರಡೂ ಮಾತನ್ನು ನೀವೇ ಮೊದಲು ಹೇಳಿ. ಇಮ್ಯುನೋಗ್ಲಾಬ್ಯುಲಿನ್ ಬೇಕಾ ಬೇಡವಾ ಅಂತ ನಿರ್ಧಾರವಾಗುವುದು ಅದರ ಮೇಲೆಯೇ.