3 ಮಿ.ಗ್ರಾಂ ಡಾಕ್ಸೆಪಿನ್: ಖಿನ್ನತೆಯ ಮಾತ್ರೆ ನಿದ್ದೆಗೆ ಹೇಗೆ ಕೆಲಸ ಮಾಡುತ್ತೆ?

ಪ್ರಶ್ನೆ: ಅಮ್ಮನಿಗೆ 68 ವರ್ಷ. ರಾತ್ರಿ 10ಕ್ಕೆ ಮಲಗಿದ ತಕ್ಷಣ ನಿದ್ದೆ ಬರುತ್ತೆ, ಆದರೆ 2:30ಕ್ಕೆ ಎಚ್ಚರ ಆದರೆ ಆಮೇಲೆ ಬರಲ್ಲ. ಸದ್ಯ ನಮ್ಮ ಜೊತೆ ನ್ಯೂಜೆರ್ಸಿಯಲ್ಲಿದ್ದಾರೆ. ಇಲ್ಲಿನ ಡಾಕ್ಟರ್ ಡಾಕ್ಸೆಪಿನ್ 3 ಮಿ.ಗ್ರಾಂ ಬರೆದುಕೊಟ್ಟರು. ಓದಿ ನೋಡಿದರೆ ಅದು ಡಿಪ್ರೆಶನ್ ಮಾತ್ರೆ, ಡೋಸ್ 75ರಿಂದ 150 ಅಂತಿದೆ. 3ರಲ್ಲಿ ಏನಾದರೂ ಆಗುತ್ತಾ? ಊರಿಗೆ ಹೋದ ಮೇಲೆ 10ರ ಕ್ಯಾಪ್ಸೂಲ್ ಕೊಟ್ಟರೆ ನಡೆಯುತ್ತಾ?

ಉತ್ತರ:

ಆಗುತ್ತೆ. ನಿಮ್ಮ ತಾಯಿಯ ತೊಂದರೆಗೆ ಬೇಕಾಗಿರುವುದು ಆ 3 ಮಿ.ಗ್ರಾಂ ಮಾತ್ರ. ಅದನ್ನು 75ರ ಇಪ್ಪತ್ತೈದನೇ ಒಂದು ಪಾಲು ಅಂತ ನೋಡಬೇಡಿ. ಹೆಸರು ಒಂದೇ ಆದರೂ ಈ ಎರಡು ಡೋಸ್‌ಗಳು ಮೆದುಳಿನಲ್ಲಿ ಮಾಡುವ ಕೆಲಸ ಬೇರೆ ಬೇರೆ.

ನಮ್ಮನ್ನು ಎಚ್ಚರವಾಗಿಡುವ ರಾಸಾಯನಿಕಗಳಲ್ಲಿ ಹಿಸ್ಟಮಿನ್ ಒಂದು. ಶೀತಕ್ಕೆ ನುಂಗುವ ಹಳೆಯ ಮಾತ್ರೆಗಳು ತೂಕಡಿಕೆ ತರುವುದು ಮೆದುಳಿನಲ್ಲಿ ಈ ಹಿಸ್ಟಮಿನ್ ಕೂರುವ ಜಾಗವನ್ನು, ಅಂದರೆ ಎಚ್1 ಗ್ರಾಹಕವನ್ನು, ಮುಚ್ಚುವುದರಿಂದ. ಡಾಕ್ಸೆಪಿನ್‌ಗೆ ಈ ಎಚ್1 ಮೇಲೆ ಇರುವ ಹಿಡಿತ ಅಸಾಧಾರಣವಾದದ್ದು. ಅದು ಅಂಟಿಕೊಳ್ಳುವ ಬೇರೆ ಜಾಗಗಳೂ ಇವೆ: ನಾರ್‌ಅಡ್ರಿನಲಿನ್ ಮತ್ತು ಸೆರೊಟೋನಿನ್ ಅನ್ನು ವಾಪಸ್ ಎಳೆದುಕೊಳ್ಳುವ ಪಂಪುಗಳು, ಬಾಯಿ, ಕರುಳು, ಮೂತ್ರಕೋಶಗಳನ್ನು ನಡೆಸುವ ಅಸಿಟೈಲ್‌ಕೋಲಿನ್ ಗ್ರಾಹಕಗಳು, ರಕ್ತನಾಳ ಬಿಗಿಯಾಗಿಡುವ ಆಲ್ಫಾ ಗ್ರಾಹಕಗಳು. ಇವುಗಳಿಗೆ ಹೋಲಿಸಿದರೆ ಎಚ್1 ಮೇಲಿನ ಹಿಡಿತ ಸುಮಾರು ನೂರು ಪಟ್ಟು ಅಥವಾ ಅದಕ್ಕೂ ಹೆಚ್ಚು.

ಒಂದು ಕಲ್ಯಾಣಿಯನ್ನು ನೆನೆಸಿಕೊಳ್ಳಿ. ತಳದಲ್ಲಿ ಒಂದೇ ಒಂದು ಮೆಟ್ಟಿಲು, ಉಳಿದ ಮೆಟ್ಟಿಲುಗಳೆಲ್ಲ ಬಹಳ ಮೇಲೆ. ಸ್ವಲ್ಪ ನೀರು ಬಂದರೆ ತಳದ ಮೆಟ್ಟಿಲು ಮುಳುಗುತ್ತದೆ, ಮೇಲಿನವು ಒಣಗಿಯೇ ಇರುತ್ತವೆ. 3 ಅಥವಾ 6 ಮಿ.ಗ್ರಾಂನಲ್ಲಿ ಆಗುವುದು ಇಷ್ಟೇ. 75ಕ್ಕೆ ಹೋದರೆ ನೀರು ಮೇಲಿನವರೆಗೂ ಏರುತ್ತದೆ. ಖಿನ್ನತೆಗೆ ಬೇಕಾದ ಪಂಪುಗಳ ಜೊತೆಗೆ ಬಾಯಿ ಒಣಗಿಸುವ, ಮಲಬದ್ಧತೆ ತರುವ, ಎದ್ದು ನಿಂತಾಗ ತಲೆ ಸುತ್ತಿಸುವ ಮೆಟ್ಟಿಲುಗಳೂ ಮುಳುಗುತ್ತವೆ. ಆದ್ದರಿಂದ 3 ಮಿ.ಗ್ರಾಂ ಖಿನ್ನತೆಯನ್ನು ಗುಣಪಡಿಸುವುದಿಲ್ಲ. ಬೆಳಗಿನ ಜಾವದ ಎಚ್ಚರ ಖಿನ್ನತೆಯ ಲಕ್ಷಣವೂ ಆಗಿರಬಹುದು. ಮನಸ್ಸು ಕುಗ್ಗಿದೆ, ಊಟ ಸೇರುತ್ತಿಲ್ಲ ಅನ್ನುವಂತಿದ್ದರೆ ಡಾಕ್ಟರಿಗೆ ಅದನ್ನು ಬೇರೆಯಾಗಿ ಹೇಳಲೇಬೇಕು. ಡೋಸ್ ಹೆಚ್ಚಿಸಿದರೆ ನಿದ್ದೆ ಅದೇ ಲೆಕ್ಕದಲ್ಲಿ ಹೆಚ್ಚುವುದೂ ಇಲ್ಲ. ತಳದ ಮೆಟ್ಟಿಲು ಆಗಲೇ ಮುಳುಗಿದೆ, ಹೆಚ್ಚುವರಿ ಔಷಧ ಬೇಡದ ಕಡೆ ಹೋಗುತ್ತದೆ.

ಅಮೆರಿಕದಲ್ಲಿ ಖಿನ್ನತೆಗೆ ಇದು ಬಂದದ್ದು 1969ರಲ್ಲಿ. 3 ಮತ್ತು 6 ಮಿ.ಗ್ರಾಂ ಮಾತ್ರೆಗೆ ಎಫ್‌ಡಿಎ ಒಪ್ಪಿಗೆ ಸಿಕ್ಕಿದ್ದು 2010ರಲ್ಲಿ, ಅದೂ ನಡುವೆ ಎಚ್ಚರವಾಗುವವರಿಗೆ. ಮಲಗಿ ಹೊರಳಾಡುವವರಿಗೆ ಇದು ಅಷ್ಟಾಗಿ ಒದಗುವುದಿಲ್ಲ, ಯಾಕೆಂದರೆ ರಕ್ತದಲ್ಲಿ ಇದರ ಮಟ್ಟ ನಿಧಾನವಾಗಿ ಏರುತ್ತದೆ. ಖಾಲಿ ಹೊಟ್ಟೆಯಲ್ಲಿ ತುದಿ ಮುಟ್ಟಲು ಸುಮಾರು ಮೂರೂವರೆ ಗಂಟೆ ಬೇಕು. ನಿಮ್ಮ ತಾಯಿಯ ಲೆಕ್ಕ ಹಾಕೋಣ: 10ಕ್ಕೆ ನುಂಗಿದರೆ 1:30ಕ್ಕೆ ತುದಿ, 2:30ಕ್ಕೆ ಇನ್ನೂ ಮಟ್ಟ ಚೆನ್ನಾಗಿಯೇ ಇರುತ್ತದೆ. ಪ್ರಯೋಗಗಳಲ್ಲೂ ಇದರ ಗುಣ ಹೆಚ್ಚು ಕಂಡದ್ದು ರಾತ್ರಿಯ ಕೊನೆಯ ಮೂರನೇ ಒಂದು ಭಾಗದಲ್ಲಿ.

ಹೆಚ್ಚಿನವರು ಎಡವುವುದು ಊಟದಲ್ಲಿ. ಕೊಬ್ಬಿನ ಊಟದ ಮೇಲೆ ನುಂಗಿದರೆ ತುದಿ ಮುಟ್ಟುವುದು ಸುಮಾರು ಮೂರು ಗಂಟೆ ತಡವಾಗುತ್ತದೆ, ದೇಹಕ್ಕೆ ಸೇರುವ ಒಟ್ಟು ಪ್ರಮಾಣವೂ ಸುಮಾರು 40 ಶೇಕಡಾ ಹೆಚ್ಚುತ್ತದೆ. ನಮ್ಮ ಮನೆಗಳ ರೂಢಿಯಂತೆ 9ಕ್ಕೆ ಊಟ, ತುಪ್ಪ, ಮೊಸರು, 10ಕ್ಕೆ ಮಾತ್ರೆ ಅಂತಾದರೆ ತುದಿ ಬರುವುದು ಬೆಳಗಿನ 4:30ಕ್ಕೆ. ಆಗ 2:30ಕ್ಕೆ ಎಂದಿನಂತೆ ಎಚ್ಚರ, ಬೆಳಿಗ್ಗೆ 8ಕ್ಕೆ ಮಂಪರು. "ಮಾತ್ರೆ ಕೆಲಸ ಮಾಡಲಿಲ್ಲ, ಮೇಲಾಗಿ ತಲೆ ಭಾರ" ಅನ್ನುವ ದೂರು ಬಂದಾಗ ನಾನು ಮೊದಲು ಕೇಳುವುದು ಊಟ ಎಷ್ಟು ಹೊತ್ತಿಗೆ ಅಂತ. ಊಟ 7ರೊಳಗೆ ಮುಗಿಯಲಿ, ಮಾತ್ರೆ ಮಲಗುವ ಮುಂಚಿನ ಅರ್ಧ ಗಂಟೆಯೊಳಗೆ. ಮಲಗುವಾಗ ಒಂದು ಲೋಟ ಹಾಲು ಕುಡಿಯುವ ಅಭ್ಯಾಸ ಇದ್ದರೆ ಅದನ್ನೂ ಊಟದ ಜೊತೆಗೇ ಮುಗಿಸಲಿ.

ಈಗ 10ರ ಕ್ಯಾಪ್ಸೂಲ್. 65 ದಾಟಿದವರಿಗೆ ಶುರು ಮಾಡುವುದೇ 3ರಿಂದ, ನಿದ್ದೆಗೆ ಮೇಲಿನ ಮಿತಿ 6. ಹಿರಿಯರಿಗೆ ಯಾವ ಔಷಧ ಬೇಡ ಅಂತ ಹೇಳುವ ಬೀರ್ಸ್ ಪಟ್ಟಿಯೂ ಡಾಕ್ಸೆಪಿನ್ ಅನ್ನು 6ರ ಮೇಲೆ ಹೋದಾಗ ಮಾತ್ರ ಬೇಡ ಅನ್ನುತ್ತದೆ. ಇದರ ಅರ್ಧಾಯುಷ್ಯ, ಅಂದರೆ ರಕ್ತದಲ್ಲಿ ಮಟ್ಟ ಅರ್ಧಕ್ಕೆ ಇಳಿಯಲು ಬೇಕಾದ ಹೊತ್ತು, ಸುಮಾರು 15 ಗಂಟೆ, ದೇಹದಲ್ಲಿ ಇದರಿಂದ ಹುಟ್ಟುವ ನಾರ್‌ಡಾಕ್ಸೆಪಿನ್‌ದು ಸುಮಾರು 31. ಹಾಗಾಗಿ ದಿನಾ 10 ಕೊಟ್ಟರೆ ಒಂದರ ಮೇಲೊಂದು ಸೇರುತ್ತಾ ಹೋಗುತ್ತದೆ. ಕ್ಯಾಪ್ಸೂಲ್ ಬಿಚ್ಚಿ ಪುಡಿಯನ್ನು ಮೂರು ಪಾಲು ಮಾಡುವ ಉಪಾಯ ಕೈಬಿಡಿ. ಕಣ್ಣಳತೆಯಲ್ಲಿ ಒಂದು ದಿನ 2, ಇನ್ನೊಂದು ದಿನ 5 ಆಗಬಹುದು. ಊರಿಗೆ ಹೊರಡುವ ಮೊದಲೇ ಡಾಕ್ಟರ್ ಹತ್ತಿರ ಮಾತಾಡಿ, ಇಲ್ಲಿಂದಲೇ 3ರ ಮಾತ್ರೆ ಎಷ್ಟು ದಿನಕ್ಕೆ ಒಯ್ಯಬಹುದು ಅಂತ ಕೇಳಿ. ಅಮೆರಿಕದಲ್ಲಿ ಒಂದು ಮಿ.ಲೀ.ಗೆ 10 ಮಿ.ಗ್ರಾಂ ಇರುವ ದ್ರವವೂ ಇದೆ. ಅದರಲ್ಲಿ 3 ಮಿ.ಗ್ರಾಂ ಅಂದರೆ 0.3 ಮಿ.ಲೀ. ಡಾಕ್ಟರ್ ಅದನ್ನು ಬರೆದುಕೊಟ್ಟರೆ ಸೂಜಿ ಇಲ್ಲದ 1 ಮಿ.ಲೀ. ಸಿರಿಂಜಿನಲ್ಲೇ ಅಳೆಯಬೇಕು, ಚಮಚದಲ್ಲಿ ಅಲ್ಲ.

ಬಾಯಿ ಒಣಗುವುದು, ಮೂತ್ರ ಕಟ್ಟಿದಂತಾಗುವುದು, ಹೊಸದಾಗಿ ಮಲಬದ್ಧತೆ: 3ರಲ್ಲಿ ಇವು ಬರುವುದು ಅಪರೂಪ. ಬಂದರೆ ಮಟ್ಟ ಮೇಲಿನ ಮೆಟ್ಟಿಲಿಗೆ ಏರಿದೆ ಅಂತ ಅನುಮಾನಿಸಿ, ಬೇರೆ ಮಾತ್ರೆಗಳನ್ನು ನೋಡಿ. ಎದೆಯುರಿಗೆ ಕೊಡುವ ಸಿಮೆಟಿಡಿನ್ ಡಾಕ್ಸೆಪಿನ್ ಮಟ್ಟವನ್ನು ಸುಮಾರು ಎರಡು ಪಟ್ಟು ಮಾಡುತ್ತದೆ. ಖಿನ್ನತೆಗೆ ಕೊಡುವ ಫ್ಲುಆಕ್ಸೆಟಿನ್, ಪರಾಕ್ಸೆಟಿನ್ ಕೂಡ ಏರಿಸಬಲ್ಲವು. ಅಲರ್ಜಿಗೆ ಸಿಟ್ರಿಜಿನ್, ಶೀತದ ಮಾತ್ರೆ, ಮದ್ಯ ಸೇರಿದರೆ ಮಂಪರು ಕೂಡುತ್ತದೆ. ಚಿಕಿತ್ಸೆಯಾಗದ ಕಿರಿಕೋನ ಗ್ಲಾಕೋಮಾ, ತೀವ್ರವಾಗಿ ಮೂತ್ರ ಕಟ್ಟುವ ತೊಂದರೆ, ಕಳೆದ ಎರಡು ವಾರದಲ್ಲಿ ಖಿನ್ನತೆಗೆ ಕೊಡುವ ಎಂಎಒಐ ಗುಂಪಿನ ಔಷಧ ತೆಗೆದುಕೊಂಡದ್ದು ಇದ್ದರೆ ಇದನ್ನು ಕೊಡುವಂತೆಯೇ ಇಲ್ಲ. ಜೋರು ಗೊರಕೆ, ಮಧ್ಯೆ ಉಸಿರು ನಿಂತಂತಾಗುವುದು ಇದ್ದರೆ ಮೊದಲು ಸ್ಲೀಪ್ ಆಪ್ನಿಯಾ ಪರೀಕ್ಷೆ ಆಗಲಿ. ಎಚ್ಚರವಾಗುವುದಕ್ಕೆ ಅದೇ ಕಾರಣವಿರಬಹುದು.

ನಿರೀಕ್ಷೆ ಮಿತವಾಗಿರಲಿ. ಪ್ರಯೋಗಗಳಲ್ಲಿ ಹೋಲಿಕೆಗೆ ಕೊಡುವ, ಔಷಧವಿಲ್ಲದ ಸಕ್ಕರೆ ಗುಳಿಗೆಗೆ ಹೋಲಿಸಿದರೆ ಸರಾಸರಿ ಸುಮಾರು ಅರ್ಧ ಗಂಟೆ ಹೆಚ್ಚು ನಿದ್ದೆ, ಅಷ್ಟೇ. 7ರಿಂದ 10 ದಿನ ಸರಿಯಾದ ಹೊತ್ತಿಗೆ ಕೊಟ್ಟೂ ಬದಲಾವಣೆ ಕಾಣದಿದ್ದರೆ ಡೋಸ್ ನೀವೇ ಏರಿಸಬೇಡಿ, ಡಾಕ್ಟರಿಗೆ ಮತ್ತೆ ತೋರಿಸಿ. 10ಕ್ಕೆ ಕೊಡಲು ಮರೆತು 2:30ಕ್ಕೆ ಅವರು ಎದ್ದು ಕುಳಿತರೆ ಆಗ ಕೊಡಬೇಡಿ. ತುದಿ ಬರುವುದು ಬೆಳಿಗ್ಗೆ 6ಕ್ಕೆ, ಅವರು ಬಚ್ಚಲಿಗೆ ಎದ್ದು ನಡೆಯುವ ಹೊತ್ತಿಗೆ.