ಮಂಗಳದ ಧೂಳು ನಿಂತಿತು, ಗುರುವಿನ ಸುಳಿ ಯಾಕೆ ನಿಂತಿಲ್ಲ?

ಪ್ರಶ್ನೆ: ಮಂಗಳ ಗ್ರಹವನ್ನೇ ಮುಚ್ಚುವ ಧೂಳಿನ ಬಿರುಗಾಳಿ ಕೆಲವು ತಿಂಗಳಲ್ಲಿ ನಿಲ್ಲುತ್ತದೆ. ಗುರು ಗ್ರಹದ ಕೆಂಪು ಚುಕ್ಕೆ ಎಂಬ ದೈತ್ಯ ಸುಳಿಗಾಳಿ ಮಾತ್ರ ನೂರೈವತ್ತಕ್ಕೂ ಹೆಚ್ಚು ವರ್ಷ ಉಳಿದಿದ್ದು ಹೇಗೆ?

ಉತ್ತರ: ಮಂಗಳದ ಬಿರುಗಾಳಿ ತನ್ನ ಶಕ್ತಿಯ ಮೂಲವನ್ನು ತಾನೇ ಮುಚ್ಚಿಕೊಳ್ಳುತ್ತದೆ. 2018ರದ್ದನ್ನೇ ನೋಡಿ. ಮೇ ಕೊನೆಯಲ್ಲಿ ಶುರುವಾಗಿ ಜೂನ್‌ನಲ್ಲಿ ಇಡೀ ಗ್ರಹವನ್ನು ಆವರಿಸಿತು. ಮೇಲೆದ್ದ ಧೂಳು ಬಿಸಿಲು ಹೀರಿ ಗಾಳಿಯನ್ನು ಕಾಯಿಸುತ್ತದೆ, ಗಾಳಿ ಜೋರಾಗಿ ಇನ್ನಷ್ಟು ಧೂಳು ಎಬ್ಬಿಸುತ್ತದೆ. ಆದರೆ ಧೂಳು ಜಾಸ್ತಿಯಾದಂತೆ ನೆಲಕ್ಕೆ ಬಿಸಿಲೇ ತಲುಪುವುದಿಲ್ಲ. ನೆಲ ತಣ್ಣಗಾಗಿ ಗಾಳಿ ಸೋಲುತ್ತದೆ, ಧೂಳು ಮೆಲ್ಲಗೆ ಕೆಳಗಿಳಿಯುತ್ತದೆ. ಅಷ್ಟರಲ್ಲಿ ಸೌರಫಲಕ ನಂಬಿದ್ದ ಆಪರ್ಚುನಿಟಿ ರೋವರ್ ಕತ್ತಲಲ್ಲಿ ಮೌನವಾಯಿತು. ಜೂನ್ 10ರ ನಂತರ ಅದರ ಮಾತು ಕೇಳಲೇ ಇಲ್ಲ, ಅದು ನನಗೆ ಈಗಲೂ ಬೇಸರ.

ಗುರುವಿನ ಕಥೆ ಬೇರೆ. 2021ರ ಮೇನಲ್ಲಿ ತೌಕ್ತೆ ಚಂಡಮಾರುತ ನಮ್ಮ ಮುಂಬೈ ಪಕ್ಕದಲ್ಲೇ ಹೋಯಿತಲ್ವಾ? ಗುಜರಾತಿನ ನೆಲ ಹತ್ತಿದ ಮೇಲೆ ಕಡಲಿನ ಬಿಸಿ ಸಿಗದೆ, ನೆಲಕ್ಕೆ ಉಜ್ಜಿ ಸೊರಗಿತು. ಗುರುವಿನಲ್ಲಿ ಉಜ್ಜಲು ಗಟ್ಟಿ ನೆಲವೇ ಇಲ್ಲ. ಜೊತೆಗೆ ಕೆಂಪು ಚುಕ್ಕೆಯ ಉತ್ತರಕ್ಕೆ ಒಂದು, ದಕ್ಷಿಣಕ್ಕೆ ಒಂದು ಗಾಳಿಯ ಪಟ್ಟೆ ಎದುರುಬದುರಾಗಿ ಓಡುತ್ತವೆ. ಅವುಗಳ ನಡುವೆ ಅದು ಅಂಗೈಗಳ ಮಧ್ಯದ ಉಂಡೆಯಂತೆ ತಿರುಗುತ್ತದೆ. ಬಳಿ ಬಂದ ಸಣ್ಣ ಸುಳಿಗಳನ್ನೂ ನುಂಗುತ್ತದೆ.

ಹಾಗಂತ ಅದು ಶಾಶ್ವತವಲ್ಲ. 19ನೇ ಶತಮಾನದ ಕೊನೆಯಲ್ಲಿ ಸುಮಾರು 40,000 ಕಿ.ಮೀ. ಉದ್ದವಿತ್ತು, ಈಗ ಅದರ ಅರ್ಧಕ್ಕಿಂತ ಕಡಿಮೆ.